ಬೈದುಕೊಂಡರು ಅಂದ್ರೆ ಯಾರು ಯಾರನ್ನ?

'ದ ಟೂ ಬ್ರದರ್ಸ್ ಬ್ಲೇಮ್ಡ್ ________.'

ಬಿಟ್ಟ ಸ್ಥಳ ತುಂಬಿ. ಆಯ್ಕೆಗಳು ನಾಲ್ಕು: ದೆಮ್, ದೆಮ್‌ಸೆಲ್ವ್ಸ್, ಈಚ್ ಅದರ್, ಒನ್ ಅನದರ್.

ಭಾನುವಾರ ಬೆಳಗ್ಗೆ ನಾನು ವಿಜಯಪುರದಲ್ಲಿ ಒಂದಷ್ಟು ಜನಕ್ಕೆ ಇಂಗ್ಲಿಷ್ ಹೇಳಿಕೊಡ್ತೀನಿ. (ಗೋಳಗುಮ್ಮಟದ ವಿಜಯಪುರ ಅಲ್ಲ, ದೇವನಹಳ್ಳಿ ತಾಲ್ಲೂಕಿನದು. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರು ಬಂದ ಮೇಲೆ ಈ ಮಾತು ಸೇರಿಸದೆ ನಮ್ಮೂರಿನ ಹೆಸರು ಹೇಳೋ ಹಾಗಿಲ್ಲ.) ಬರುವವರು ಹೆಚ್ಚಿನವರು ಕೆಲಸದಲ್ಲಿರುವವರೇ. ಕೆಲವರು ವಿಮಾನ ನಿಲ್ದಾಣದ ಕಡೆ ಶಿಫ್ಟ್ ಮುಗಿಸಿ ನೇರ ಬರ್ತಾರೆ. ಬ್ಯಾಂಕ್ ಪರೀಕ್ಷೆ, ಎಫ್‌ಡಿಎ, ಪಿಡಿಒ ಅಂತ ಏನಾದರೊಂದಕ್ಕೆ ಅರ್ಜಿ ಹಾಕಿರುತ್ತಾರೆ. ಈ ಪ್ರಶ್ನೆ ಬೋರ್ಡ್ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಬರುತ್ತೆ: "ಈಚ್ ಅದರ್, ಮೇಡಂ. ಇಬ್ಬರಿದ್ದರೆ ಈಚ್ ಅದರ್, ಜಾಸ್ತಿ ಜನ ಇದ್ದರೆ ಒನ್ ಅನದರ್."

ಸರಿ. ಆದರೆ ದೆಮ್‌ಸೆಲ್ವ್ಸ್ ಯಾಕೆ ಆಗಲ್ಲ?

ಅಲ್ಲಿಗೆ ಕ್ಲಾಸ್ ಸುಮ್ಮನಾಗುತ್ತೆ. ಯಾಕಂದ್ರೆ ಆಗುತ್ತೆ. ಆ ವಾಕ್ಯದಲ್ಲಿ ದೆಮ್‌ಸೆಲ್ವ್ಸ್ ಹಾಕಿದರೂ ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಈಚ್ ಅದರ್ ಹಾಕಿದರೆ ಅಣ್ಣ ತಮ್ಮನ ಮೇಲೆ, ತಮ್ಮ ಅಣ್ಣನ ಮೇಲೆ ತಪ್ಪು ಹೊರಿಸಿದರು ಅಂತ ಅರ್ಥ. ದೆಮ್‌ಸೆಲ್ವ್ಸ್ ಹಾಕಿದರೆ, ತಪ್ಪು ನಮ್ಮದೇ ಅಂತ ಇಬ್ಬರೂ ತಮ್ಮನ್ನು ತಾವೇ ಹಳಿದುಕೊಂಡರು ಅಂತ. ಒಂದು ಮನೆಯಲ್ಲಿ ಜಗಳ, ಇನ್ನೊಂದು ಮನೆಯಲ್ಲಿ ಪಶ್ಚಾತ್ತಾಪ. ಪ್ರಶ್ನೆ ತಯಾರಿಸಿದವರು ಬೇರೇನೂ ಸುಳಿವು ಕೊಡದೆ ಇಷ್ಟನ್ನೇ ಬರೆದಿದ್ದರೆ ಅದು ಕೆಟ್ಟ ಪ್ರಶ್ನೆ. ಒಳ್ಳೆಯ ಪ್ರಶ್ನೆಯಲ್ಲಿ ವಾಕ್ಯಕ್ಕೆ ಒಂದು ಬಾಲ ಇರುತ್ತೆ. 'ದ ಟೂ ಬ್ರದರ್ಸ್ ಬ್ಲೇಮ್ಡ್ ________ ಫಾರ್ ದ ಲಾಸ್, ಅಂಡ್ ನೈದರ್ ವುಡ್ ಅಡ್ಮಿಟ್ ಹಿಸ್ ಓನ್ ಮಿಸ್ಟೇಕ್.' ತನ್ನ ತಪ್ಪನ್ನು ಇಬ್ಬರಲ್ಲಿ ಒಬ್ಬನೂ ಒಪ್ಪಲಿಲ್ಲ ಅಂದ ಮೇಲೆ ದೆಮ್‌ಸೆಲ್ವ್ಸ್ ತಾನಾಗಿ ಬಿದ್ದುಹೋಗುತ್ತೆ. ಉತ್ತರ ಇರೋದು ಆ ಬಾಲದಲ್ಲಿ. ಗಡಿಬಿಡಿಯಲ್ಲಿ 'ಟೂ' ಅನ್ನೋ ಪದ ಕಂಡ ತಕ್ಷಣ ಉತ್ತರ ಒತ್ತಿದವರು ಆ ಬಾಲವನ್ನು ಓದಿಯೇ ಇರಲ್ಲ.

ಇದನ್ನೇ ಕನ್ನಡದಲ್ಲಿ ಹೇಳಿ ಅಂತ ಒಮ್ಮೆ ಕೇಳಿದೆ. ಒಬ್ಬಳು ಥಟ್ಟನೆ ಅಂದಳು, "ಅಣ್ಣತಮ್ಮ ಬೈದುಕೊಂಡರು." ಸುಂದರವಾದ ಕನ್ನಡ. ಆದರೆ ಯಾರು ಯಾರನ್ನ ಬೈದರು? ಕಿತ್ತಾಡಿಕೊಂಡು ಒಬ್ಬರನ್ನೊಬ್ಬರು ಬೈದರೂ 'ಬೈದುಕೊಂಡರು'. ತಲೆ ಚಚ್ಚಿಕೊಂಡು ತಮ್ಮನ್ನೇ ಬೈದರೂ 'ಬೈದುಕೊಂಡರು'. ನಮ್ಮ 'ಕೊಳ್ಳು' ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತೆ. ಹೊಡೆದುಕೊಂಡರು, ನೋಡಿಕೊಂಡರು, ಹೊಗಳಿಕೊಂಡರು, ಎಲ್ಲ ಹೀಗೇ. ಮಾತಾಡುವಾಗ ನಮಗೆ ಗೊಂದಲ ಆಗಲ್ಲ, ಸಂದರ್ಭ ಗೊತ್ತಿರುತ್ತೆ. ಖಚಿತವಾಗಿ ಹೇಳಬೇಕು ಅಂದಾಗ 'ಒಬ್ಬರನ್ನೊಬ್ಬರು' ಅಂತಲೋ 'ತಮ್ಮನ್ನು ತಾವೇ' ಅಂತಲೋ ಸೇರಿಸ್ತೀವಿ. ಕನ್ನಡದಲ್ಲಿ ಬೇಕಾದಾಗ ಮಾತ್ರ ಹಾಕುವ ಈ ಪದವನ್ನು ಇಂಗ್ಲಿಷಿನಲ್ಲಿ ಬಹಳ ಸಲ ಹಾಕಲೇಬೇಕು, ಬಿಟ್ಟರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತೆ. 'ದ ಬ್ರದರ್ಸ್ ಬ್ಲೇಮ್ಡ್' ಅಂತ ನಿಲ್ಲಿಸೋ ಹಾಗಿಲ್ಲ. ಈ 'ಕೊಳ್ಳು' ಸಾಮಾನ್ಯದ ಪದ ಅಲ್ಲ ಅನ್ನಿ. ಜೆಫ್ರಿ ಲಿಡ್ಜ್ ಅನ್ನೋ ಅಮೆರಿಕದ ಭಾಷಾವಿಜ್ಞಾನಿ 2001ರಲ್ಲಿ ಕನ್ನಡದ ಈ ಪ್ರತ್ಯಯವನ್ನೇ ಹಿಡಿದು ಪ್ರಬಂಧ ಬರೆದಿದ್ದಾರೆ.

ಹಾಗಾಗಿ ಬಿಟ್ಟ ಸ್ಥಳ ಕಂಡಾಗ ಮೊದಲು ಜನ ಎಣಿಸಬೇಡಿ ಅಂತ ನಾನು ಹೇಳೋದು. ಕೆಲಸ ಯಾವ ಕಡೆ ಹೋಗ್ತಿದೆ ನೋಡಿ. ಮಾಡಿದವರ ಮೇಲೇ ತಿರುಗಿ ಬಂದರೆ ದೆಮ್‌ಸೆಲ್ವ್ಸ್. ಒಬ್ಬರಿಂದ ಇನ್ನೊಬ್ಬರಿಗೆ ದಾಟಿ, ಅವರಿಂದ ಇವರಿಗೂ ದಾಟಿ ಬಂದರೆ ಈಚ್ ಅದರ್ ಅಥವಾ ಒನ್ ಅನದರ್. ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ತಗೊಳ್ಳಿ. ರೀಲರುಗಳು ಹರಾಜಿನಲ್ಲಿ ಪೈಪೋಟಿಗೆ ಬಿದ್ದು ಬೆಲೆ ಏರಿಸ್ತಾ ಹೋದರೆ 'ದ ರೀಲರ್ಸ್ ಔಟ್‌ಬಿಡ್ ಒನ್ ಅನದರ್'. ಇಲ್ಲಿ ದೆಮ್‌ಸೆಲ್ವ್ಸ್ ಹಾಕಿದರೆ, ತಾನು ಕೂಗಿದ ಬೆಲೆಯ ಮೇಲೆ ತಾನೇ ಇನ್ನಷ್ಟು ಕೂಗಿದ ಅಂತ ಆಗುತ್ತೆ. ಅಂಥ ರೀಲರನ್ನು ನಾನಂತೂ ನೋಡಿಲ್ಲ. ಅದೇ ಕುದಿಯುವ ನೀರಿನಿಂದ ಗೂಡು ಎತ್ತುವಾಗ ಕೈ ಸುಟ್ಟುಕೊಂಡರೆ 'ದ ವರ್ಕರ್ಸ್ ಬರ್ನ್ಟ್ ದೆಮ್‌ಸೆಲ್ವ್ಸ್'. ಈಚ್ ಅದರ್ ಹಾಕಿದರೆ ಪೊಲೀಸ್ ಕೇಸು!

ದಿಕ್ಕು ಗೊತ್ತಾದ ಮೇಲೆ ಎಣಿಕೆ. ಇಬ್ಬರಿಗೆ ಈಚ್ ಅದರ್, ಹೆಚ್ಚು ಜನಕ್ಕೆ ಒನ್ ಅನದರ್ ಅನ್ನೋ ನಿಯಮ ಭಾಷೆಯ ಜತೆ ಹುಟ್ಟಿದ್ದಲ್ಲ. ಜಾರ್ಜ್ ಅಷರ್ ಅನ್ನೋ ವ್ಯಾಕರಣಕಾರ 1785ರ ತಮ್ಮ ಪುಸ್ತಕದಲ್ಲಿ ಹೀಗೆ ಹೇಳಿದ್ದರು. ಅದಕ್ಕೂ ಮೊದಲು, ಆಮೇಲೂ ಒಳ್ಳೊಳ್ಳೆಯ ಲೇಖಕರು ಎರಡನ್ನೂ ಮನಸ್ಸಿಗೆ ಬಂದ ಹಾಗೆ ಬಳಸಿದ್ದಾರೆ. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ದೊಡ್ಡ ಗ್ರಂಥ ಬರೆದ ಫೌಲರ್, ಈ ನಿಯಮದಿಂದ ಈಗ ಉಪಯೋಗವೂ ಇಲ್ಲ, ಹಿಂದಿನ ಬಳಕೆಯ ಆಧಾರವೂ ಇಲ್ಲ ಅಂತ ತಳ್ಳಿಹಾಕಿದರು. ಕನ್ನಡವೂ ಇಲ್ಲಿ ಎಣಿಸಲ್ಲ ನೋಡಿ. ಗಂಡಹೆಂಡತಿ ಆದರೂ 'ಒಬ್ಬರನ್ನೊಬ್ಬರು', ಇಡೀ ಊರಾದರೂ 'ಒಬ್ಬರನ್ನೊಬ್ಬರು'. ನಾವು ನೋಡೋದು ಮನುಷ್ಯರೋ ವಸ್ತುವೋ ಅನ್ನೋದನ್ನ. ಜನಕ್ಕೆ 'ಒಬ್ಬರಿಗೊಬ್ಬರು', ಬಸ್ಸಿಗೆ 'ಒಂದಕ್ಕೊಂದು'. ಇಂಗ್ಲಿಷಿಗೆ ಆ ಚಿಂತೆ ಇಲ್ಲ, ಎರಡು ಬಸ್ಸಿಗೂ ಈಚ್ ಅದರ್ ಸಾಕು.

ಹಾಗಾದ್ರೆ ಪರೀಕ್ಷೆಯಲ್ಲಿ ಏನು ಮಾಡೋದು? ನಾಲ್ಕು ಆಯ್ಕೆಯಲ್ಲಿ ಈಚ್ ಅದರ್, ಒನ್ ಅನದರ್ ಎರಡೂ ಇದ್ದರೆ ಪ್ರಶ್ನೆ ಮಾಡಿದವರ ಮನಸ್ಸಿನಲ್ಲಿರೋದು ಅಷರ್ ನಿಯಮವೇ. ಫೌಲರ್ ಹೆಸರು ಹೇಳಿ ವಾದ ಮಾಡಿದರೆ ಅಂಕ ಬರಲ್ಲ. ಎಣಿಸಿ, ನಿಯಮದ ಪ್ರಕಾರ ಹಾಕಿ. ಎಣಿಸುವಾಗ ಸಂಖ್ಯೆ ಯಾವಾಗಲೂ ಕಣ್ಣಿಗೆ ಕಾಣುವ ಹಾಗೆ ಇರಲ್ಲ. 'ದ ಕಪಲ್' ಅಂದರೆ ಇಬ್ಬರು, 'ದ ಟ್ವಿನ್ಸ್' ಅಂದರೂ ಇಬ್ಬರು. 'ದ ವಿಲೇಜರ್ಸ್', 'ಆಲ್ ದ ಮೆಂಬರ್ಸ್' ಅಂದರೆ ಎರಡಕ್ಕಿಂತ ಹೆಚ್ಚು. ಎರಡರಲ್ಲಿ ಒಂದೇ ಆಯ್ಕೆ ಕೊಟ್ಟಿದ್ದರೆ ಎಣಿಕೆ ಬಿಟ್ಟುಬಿಡಿ, ಅಲ್ಲಿ ಕೇಳ್ತಿರೋದು ದಿಕ್ಕನ್ನ. ಆಫೀಸ್ ಮೇಲ್‌ನಲ್ಲಂತೂ ಐದು ಜನದ ಟೀಮಿಗೆ ಈಚ್ ಅದರ್ ಅಂತ ಬರೆದರೆ ಯಾರೂ ಹುಬ್ಬೇರಿಸಲ್ಲ.

ಆಫೀಸ್ ಮೇಲ್‌ನಲ್ಲಿ ನಿಜವಾಗಿ ಏಟು ಕೊಡೋದು ಬೇರೆ. ಅದಕ್ಕೆ ಒಂದು ಪ್ರಸಂಗ ಹೇಳಬೇಕು.

ನಮ್ಮ ಕ್ಲಾಸಿಗೆ ಬರ್ತಿದ್ದ ಹುಡುಗನೊಬ್ಬ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನ ಜತೆಯವನನ್ನು ಸೂಪರ್‌ವೈಸರ್ ತಳ್ಳಿದರು, ಅವನು ಬಿದ್ದು ಮಣಿಕಟ್ಟಿಗೆ ಪೆಟ್ಟಾಯಿತು. ಜತೆಯವನಿಗೆ ಇಂಗ್ಲಿಷ್ ಬರಲ್ಲ. ಹಾಗಾಗಿ ನಮ್ಮ ಹುಡುಗನೇ ಅವನ ಪರವಾಗಿ ದೂರು ಬರೆದು ಮೇಲ್ ಹಾಕಿದ. ಮನಸ್ಸಿನಲ್ಲಿದ್ದದ್ದು ಕನ್ನಡದ ವಾಕ್ಯ: 'ಸೂಪರ್‌ವೈಸರ್ ತನ್ನನ್ನು ತಳ್ಳಿದರು ಅಂತ ಅವನು ಹೇಳಿದ.' ಬರೆದದ್ದು ಹೀಗೆ: 'ಹಿ ಸೆಡ್ ದಟ್ ದ ಸೂಪರ್‌ವೈಸರ್ ಪುಶ್ಡ್ ಹಿಮ್‌ಸೆಲ್ಫ್.' ಅಲ್ಲಿಂದ ಬಂದ ಉತ್ತರದಲ್ಲಿ, ಸೂಪರ್‌ವೈಸರಿಗೇ ಏನಾದರೂ ಆಯಿತಾ, ಬೇರೆಯವರಿಗೆ ಪೆಟ್ಟಾಗಿದ್ದು ಹೇಗೆ, ಸ್ಪಷ್ಟಪಡಿಸಿ ಅಂತ ಕೇಳಿದ್ದರು. ಇವರಿಗೆ ಸಿಟ್ಟು. ಬೇಕಂತಲೇ ಕೇಸು ತಿರುಗಿಸ್ತಿದ್ದಾರೆ ಅಂತ ಎರಡು ದಿನ ಕುದ್ದರು. ಆಮೇಲೆ ಮೇಲ್ ನನ್ನ ಕೈಗೆ ಬಂತು.

ತಿರುಗಿಸಿದ್ದು ಯಾರೂ ಅಲ್ಲ, ಹಿಮ್‌ಸೆಲ್ಫ್. 'ತಾನು, ತಾವು' ಆತ್ಮಾರ್ಥಕ ಸರ್ವನಾಮ ಅಂತ ನಾವು ಹೈಸ್ಕೂಲಿನಲ್ಲಿ ಓದಿದ್ದೀವಿ. ಇಂಗ್ಲಿಷ್ ಪುಸ್ತಕದಲ್ಲಿ ಹಿಮ್‌ಸೆಲ್ಫ್ ಎದುರಿಗೂ ಅದೇ ಹೆಸರು. ಹಾಗಾಗಿ ತನ್ನನ್ನು ಅಂದರೆ ಹಿಮ್‌ಸೆಲ್ಫ್ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ. ಆದರೆ ಎರಡೂ ಒಂದೇ ರೀತಿ ಕೆಲಸ ಮಾಡಲ್ಲ. ನಮ್ಮ 'ತಾನು' ದೂರ ನೋಡುತ್ತೆ. 'ಸೂಪರ್‌ವೈಸರ್ ತನ್ನನ್ನು ತಳ್ಳಿದರು ಅಂತ ಅವನು ಹೇಳಿದ' ಅಂದಾಗ 'ತನ್ನನ್ನು' ಪಕ್ಕದಲ್ಲೇ ಇರುವ ಸೂಪರ್‌ವೈಸರನ್ನು ದಾಟಿ, ಹೇಳಿದ ಆ ಹುಡುಗನನ್ನೇ ಹೋಗಿ ಹಿಡಿದುಕೊಳ್ಳುತ್ತೆ. 'ತಾನು ನಾಳೆ ಬರ್ತೀನಿ ಅಂತ ರವಿ ಹೇಳಿದ' ಅನ್ನುವಾಗಲೂ ಅಷ್ಟೇ. ಹಿಮ್‌ಸೆಲ್ಫ್‌ಗೆ ಆ ದೂರದೃಷ್ಟಿ ಇಲ್ಲ. ಅದು ತನ್ನದೇ ಕ್ರಿಯಾಪದದ ಕರ್ತೃವನ್ನು ಮಾತ್ರ ನೋಡುತ್ತೆ. 'ಪುಶ್ಡ್' ಮಾಡಿದ್ದು ಯಾರು? ಸೂಪರ್‌ವೈಸರ್. ಹಾಗಾದರೆ ಹಿಮ್‌ಸೆಲ್ಫ್ ಅಂದರೆ ಸೂಪರ್‌ವೈಸರ್. ತಮ್ಮನ್ನು ತಾವೇ ತಳ್ಳಿಕೊಂಡರು. ಬರೆದದ್ದು ಅದೇ, ಓದಿದವರು ಓದಿದ್ದೂ ಅದೇ.

ಸರಿಪಡಿಸೋದು ಸುಲಭ, ಹಿಮ್‌ಸೆಲ್ಫ್ ಬದಲು ಹಿಮ್. ಆದರೆ ಹಿಮ್‌ಗೂ ಒಂದು ಮಿತಿ ಇದೆ. ಅದು ಸೂಪರ್‌ವೈಸರ್ ಅಲ್ಲ ಅನ್ನೋದಷ್ಟೇ ಖಚಿತ. ಹೇಳಿದ ಹುಡುಗನೂ ಆಗಬಹುದು, ಅಲ್ಲೇ ನಿಂತಿದ್ದ ಮೂರನೆಯವನೂ ಆಗಬಹುದು. ಈ ವಿಷಯದಲ್ಲಿ ನಮ್ಮ 'ತನ್ನನ್ನು' ಇಂಗ್ಲಿಷಿಗಿಂತ ಚುರುಕು. ಅದು ಆ ಅನುಮಾನಕ್ಕೆ ಜಾಗವನ್ನೇ ಕೊಡಲ್ಲ. ಅದಕ್ಕೇ ದೂರಿನಲ್ಲಿ ಹಿಮ್ ಕೂಡ ಬೇಡ, ಪೆಟ್ಟಾದವನ ಹೆಸರು ಹಾಕು ಅಂದೆ. ಹೆಸರು ಹಾಕಿ ಮತ್ತೆ ಕಳಿಸಿದ. ಆ ಸಲ ವಿಚಾರಣೆಗೆ ಕರೆದರು.

ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರೋದು ಹೀಗೆ: 'ರವಿ ಸೆಡ್ ದಟ್ ದ ಮ್ಯಾನೇಜರ್ ಹ್ಯಾಡ್ ಪ್ರೇಸ್ಡ್ ________ ಇನ್ ಫ್ರಂಟ್ ಆಫ್ ದ ಸ್ಟಾಫ್, ಅಂಡ್ ಹಿ ವಾಸ್ ಗ್ರೇಟ್‌ಫುಲ್.' ಆಯ್ಕೆ ಹಿಮ್, ಹಿಮ್‌ಸೆಲ್ಫ್. ಬೆರಳಿಟ್ಟು 'ದಟ್'ವರೆಗಿನ ಭಾಗ ಮುಚ್ಚಿಬಿಡಿ. ಉಳಿದದ್ದು 'ದ ಮ್ಯಾನೇಜರ್ ಹ್ಯಾಡ್ ಪ್ರೇಸ್ಡ್ ________'. ಹೊಗಳಿದ್ದು ಮ್ಯಾನೇಜರ್. ಹೊಗಳಿಸಿಕೊಂಡದ್ದೂ ಅವರೇನಾ? ಅಲ್ಲ, ಕೃತಜ್ಞತೆ ಇರೋದು ರವಿಗೆ. ಹಾಗಾಗಿ ಹಿಮ್. ಎರಡೂ ಕಡೆ ಒಬ್ಬರೇ ಆಗಿದ್ದರೆ ಮಾತ್ರ ಹಿಮ್‌ಸೆಲ್ಫ್.

ಬೆರಳಿನ ಈ ಉಪಾಯ ಎಲ್ಲ ಕಡೆ ನಡೆಯಲ್ಲ. 'ತನ್ನ ಜತೆ ಛತ್ರಿ ತಗೊಂಡು ಹೋದ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ 'ವಿತ್ ಹಿಮ್' ಅಂತಾರೆ, 'ವಿತ್ ಹಿಮ್‌ಸೆಲ್ಫ್' ಅನ್ನಲ್ಲ, ಹೋದವನೂ ಅವನೇ ಆಗಿದ್ದರೂ. ಪಕ್ಕ, ಹಿಂದೆ, ಜತೆ ಅಂತ ಜಾಗ ತೋರಿಸುವ ಪದಗಳ ಮುಂದೆ ಸಾಮಾನ್ಯವಾಗಿ ಬರಿಯ ಹಿಮ್, ಹರ್, ದೆಮ್ ಸಾಕು. ಛತ್ರಿ ಬೇರೆಯವನ ಜತೆ ಹೋಯಿತು ಅಂತ ಯಾರೂ ತಿಳಿಯಲ್ಲವಲ್ಲ.

'ಕೊಳ್ಳು'ವಿನ ಕಾಟ ಇನ್ನೂ ಒಂದಿದೆ. ಕೆಲಸಕ್ಕೆ ಸೇರಿಕೊಂಡೆ, ಒರಗಿಕೊಂಡೆ, ಮಲಗಿಕೊಂಡೆ. ಈ 'ಕೊಂಡೆ'ಗೆಲ್ಲ ಇಂಗ್ಲಿಷಿನಲ್ಲಿ ಮೈಸೆಲ್ಫ್ ಬೇಕಿಲ್ಲ. 'ಐ ಜಾಯಿನ್ಡ್ ಮೈಸೆಲ್ಫ್ ಇನ್ ದ ಕಂಪನಿ' ಅಂತ ರೆಸ್ಯೂಮೆಯಲ್ಲೇ ನೋಡಿದ್ದೀನಿ. ಉಲ್ಟಾ ಕೂಡ ಇದೆ. ಟ್ರಿಪ್ಪಲ್ಲಿ 'ಸಖತ್ ಎಂಜಾಯ್ ಮಾಡಿದ್ವಿ' ಅಂತೀವಿ, ಅಲ್ಲಿ 'ಕೊಂಡ್ವಿ' ಇಲ್ಲ. ಆದರೆ ಇಂಗ್ಲಿಷಿನಲ್ಲಿ 'ವಿ ಎಂಜಾಯ್ಡ್' ಅಂತ ನಿಲ್ಲಿಸಿದರೆ ಏನನ್ನ ಅನ್ನೋದು ಬಾಕಿ ಉಳಿಯುತ್ತೆ. ಟ್ರಿಪ್ಪನ್ನ ಅಂತ ಹೇಳಿ, ಇಲ್ಲ ಅವರ್‌ಸೆಲ್ವ್ಸ್ ಹಾಕಿ. 'ದ ಚಿಲ್ಡ್ರನ್ ಎಂಜಾಯ್ಡ್ ________ ಅಟ್ ದ ಫೇರ್' ಅನ್ನೋ ಪ್ರಶ್ನೆ ಬಂದರೆ ಮಕ್ಕಳು ಎಷ್ಟೇ ಇರಲಿ, ದೆಮ್‌ಸೆಲ್ವ್ಸ್.

ಇಲ್ಲಿಯವರೆಗೆ ತಿರುಗಿ ಬಂದರೆ ದೆಮ್‌ಸೆಲ್ವ್ಸ್, ದಾಟಿ ಹೋದರೆ ಈಚ್ ಅದರ್ ಅಂತ ಗೆರೆ ಎಳೆದಿದ್ದೀನಿ. ಆ ಗೆರೆಯನ್ನು ಅಳಿಸುವ ಒಂದು ಚಿಕ್ಕ ಪದ ಇದೆ: ಅಮಂಗ್. 'ದ ಫೋರ್ ಪಾರ್ಟ್ನರ್ಸ್ ಡಿವೈಡೆಡ್ ದ ಪ್ರಾಫಿಟ್ ಅಮಂಗ್ ________.' ಲಾಭ ಒಬ್ಬರಿಂದೊಬ್ಬರಿಗೆ ಹೋಯಿತು, ನಾಲ್ವರಿದ್ದಾರೆ, ಒನ್ ಅನದರ್ ಅಂತ ಬುದ್ಧಿವಂತರೇ ಬರೆಯೋದು. ಉತ್ತರ ದೆಮ್‌ಸೆಲ್ವ್ಸ್. ಗುಂಪನ್ನು ಇಡಿಯಾಗಿ ತಗೊಂಡು, ಹೊರಗಿನವರಿಗೆ ಹೋಗಲಿಲ್ಲ, ಒಳಗೇ ಉಳಿಯಿತು ಅನ್ನೋದು ಇದರ ಅರ್ಥ. ನಮ್ಮ 'ತಮ್ಮ ತಮ್ಮಲ್ಲೇ ಹಂಚಿಕೊಂಡರು' ಸರಿಯಾಗಿ ಇದೇ. ಇದೊಂದು ಕಡೆ ಕನ್ನಡದಿಂದ ನೇರ ಅನುವಾದ ಮಾಡಿದರೆ ಅಂಕ ಬರುತ್ತೆ. ಇಬ್ಬರೇ ಆಗಿದ್ದರೆ ಅಮಂಗ್ ಬದಲು ಬಿಟ್ವೀನ್ ಬರುತ್ತೆ, ದೆಮ್‌ಸೆಲ್ವ್ಸ್ ಹಾಗೇ ಇರುತ್ತೆ.

ಮುಂದಿನ ಪದ ಬದಲಾದರೆ ಅರ್ಥ ಎಷ್ಟು ಪಲ್ಟಿ ಹೊಡೆಯುತ್ತೆ ಅನ್ನೋದಕ್ಕೆ 'ಟಾಕ್' ಒಳ್ಳೆಯ ಉದಾಹರಣೆ. ಟಾಕ್ಡ್ ಅಮಂಗ್ ದೆಮ್‌ಸೆಲ್ವ್ಸ್ ಅಂದರೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಟಾಕ್ಡ್ ಟು ದೆಮ್‌ಸೆಲ್ವ್ಸ್ ಅಂದರೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು. ಟಾಕ್ಡ್ ಟು ಈಚ್ ಅದರ್ ಅಂದರೆ ಒಬ್ಬರ ಜತೆ ಒಬ್ಬರು ಮಾತಾಡಿದರು. ಈ ಕೊನೆಯದರಲ್ಲಿ 'ಟು' ಬಿಟ್ಟುಹೋಗೋದು ನಮ್ಮವರಲ್ಲಿ ಬಹಳ. ಅದಕ್ಕೂ ಕಾರಣ ಕನ್ನಡವೇ. 'ಒಬ್ಬರಿಗೊಬ್ಬರು' ಅನ್ನುವಾಗ 'ಗೆ' ಪದದೊಳಗೇ ಸೇರಿಕೊಂಡಿರುತ್ತೆ. ಹಾಗಾಗಿ ಈಚ್ ಅದರ್ ಒಳಗೂ ಅದು ಇದ್ದೇ ಇದೆ ಅನ್ನಿಸಿ 'ದೆ ಟಾಕ್ಡ್ ಈಚ್ ಅದರ್' ಅಂತ ಬಂದುಬಿಡುತ್ತೆ. ಈಚ್ ಅದರ್ ಒಳಗೆ ಯಾವ ವಿಭಕ್ತಿಯೂ ಇಲ್ಲ. ಟು, ವಿತ್, ಫ್ರಮ್ ಯಾವುದು ಬೇಕೋ ಅದನ್ನು ಹೊರಗೆ, ಮುಂದೆ ಇಡಬೇಕು.

ಒಡೆತನ ಹೇಳುವಾಗ ಮಾತ್ರ ಹಿಂದೆ ಅಂಟಿಸಬಹುದು. 'ದೆ ಚೆಕ್ಡ್ ಈಚ್ ಅದರ್ಸ್ ಆನ್ಸರ್ಸ್' ಅಂದರೆ ಇವನ ಉತ್ತರ ಅವನು, ಅವನ ಉತ್ತರ ಇವನು ನೋಡಿದ. ಬರೆಯುವಾಗ ಅಪಾಸ್ಟ್ರಫಿ ಎಸ್‌ಗಿಂತ ಮೊದಲು ಬರುತ್ತೆ, ಎಷ್ಟೇ ಜನ ಇರಲಿ. ದೆಮ್‌ಸೆಲ್ವ್ಸ್‌ಗೆ ಹೀಗೆ ಅಂಟಿಸೋ ಹಾಗಿಲ್ಲ. 'ತಮ್ಮ ತಮ್ಮ ಉತ್ತರ ನೋಡಿಕೊಂಡರು' ಅನ್ನೋದಕ್ಕೆ 'ದೇರ್ ಓನ್ ಆನ್ಸರ್ಸ್'. ದೇರ್‌ಸೆಲ್ವ್ಸ್, ಹಿಸ್‌ಸೆಲ್ಫ್ ಅಂತ ಆಯ್ಕೆಯಲ್ಲಿ ಕಂಡರೆ ಕಣ್ಣುಮುಚ್ಚಿ ಹೊಡೆದುಹಾಕಿ. ಮೈಸೆಲ್ಫ್, ಯುವರ್‌ಸೆಲ್ಫ್ ನೋಡಿ ಹಿಸ್‌ಸೆಲ್ಫ್ ಕೂಡ ಇರಬೇಕು ಅನ್ನಿಸೋದು ಸಹಜ, ಮಾಡಿಕೊಟ್ಟಿರೋದೂ ಅದೇ ಆಸೆಗೆ.

ಮೈಸೆಲ್ಫ್ ಹೆಸರು ಬಂದ ಮೇಲೆ ಇಂಟರ್‌ವ್ಯೂಗೆ ಹೋಗುವವರಿಗೆ ಒಂದು ಮಾತು. 'ಮೈಸೆಲ್ಫ್ ಮಂಜುನಾಥ್' ಅಂತ ಶುರು ಮಾಡೋರು ನಮ್ಮಲ್ಲಿ ಇನ್ನೂ ಇದ್ದಾರೆ. 'ನಾನು ಮಂಜುನಾಥ್' ಅನ್ನೋದಕ್ಕೆ ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಇಂಗ್ಲಿಷಿಗೆ ಬೇಕು, 'ಐ ಆಮ್ ಮಂಜುನಾಥ್'. ಮೈಸೆಲ್ಫ್ ಒಂಟಿಯಾಗಿ ಕರ್ತೃವಿನ ಕುರ್ಚಿಯಲ್ಲಿ ಕೂರಲ್ಲ, ಅದಕ್ಕೆ ಮುಂದೆ ಒಂದು ಐ ಇರಲೇಬೇಕು. ಮೇಲ್‌ಗಳಲ್ಲಿ ಇದರ ಅಣ್ಣ ಸಿಗುತ್ತಾನೆ: 'ಪ್ರಿಯಾ ಅಂಡ್ ಮೈಸೆಲ್ಫ್ ವಿಲ್ ಅಟೆಂಡ್ ದ ಮೀಟಿಂಗ್.' ಮೈಸೆಲ್ಫ್ ಅಂದರೆ ಜಾಸ್ತಿ ಮರ್ಯಾದೆ ಅಂತ ಯಾರೋ ಹೇಳಿಕೊಟ್ಟ ಹಾಗೆ ಬರೀತಾರೆ. ಪ್ರಿಯಾನ ತೆಗೆದು ಓದಿ ನೋಡಿ. 'ಮೈಸೆಲ್ಫ್ ವಿಲ್ ಅಟೆಂಡ್' ಅನ್ನುತ್ತೀರಾ? 'ಐ ವಿಲ್ ಅಟೆಂಡ್' ಅನ್ನುತ್ತೀರಿ. ಹಾಗಾದರೆ 'ಪ್ರಿಯಾ ಅಂಡ್ ಐ'. 'ಪ್ಲೀಸ್ ಕಾಂಟ್ಯಾಕ್ಟ್ ಪ್ರಿಯಾ ಆರ್ ಮೈಸೆಲ್ಫ್' ಅನ್ನೋದರಲ್ಲೂ ಹಾಗೇ ಮಾಡಿ, ಉಳಿಯೋದು 'ಕಾಂಟ್ಯಾಕ್ಟ್ ಮಿ'. ಕಳಿಸುವ ಮುಂಚೆ ಪ್ರಿಯಾನ ವಾಪಸ್ ಸೇರಿಸಿ.